ಇನ್ನೂರೈವತ್ತು ಬಾವುಟಕ್ಕೆ ಎಷ್ಟು ಬಟ್ಟೆ?

ಆಗಸ್ಟ್ 15 ಹತ್ತಿರ ಬಂತೆಂದರೆ ಹೊಲಿಗೆಯವರಿಗೆ ಬಾವುಟದ ಆರ್ಡರ್ ಬರುವುದುಂಟು. ಶಾಲೆಯದೋ ಸಹಕಾರಿ ಸಂಘದ್ದೋ ಕಾರಖಾನೆಯದೋ ಮನುಷ್ಯ ಬಂದು ನಿಂತು, ‘ಮೂರು ಫೂಟ್ ಬೈ ಎರಡು ಫೂಟಿನ ಬಾವುಟ ಇನ್ನೂರೈವತ್ತು ಬೇಕ್ರಿ, ಹತ್ತನೇ ತಾರೀಖಿನೊಳಗ’ ಅನ್ನುತ್ತಾನೆ. ದರ ಹೇಳಿ, ಮುಂಗಡ ತೆಗೆದುಕೊಂಡು, ಸಂಜೆಯೇ ಹುಬ್ಬಳ್ಳಿಯ ಜವಳಿ ಸಾಲಿಗೆ ಹೋಗಿ ಬಟ್ಟೆ ತರಬೇಕು. ಆಗ ಎಷ್ಟು ಮೀಟರ್ ತರಬೇಕೆಂದು ಲೆಕ್ಕ ಹಾಕುವುದು ಹೆಚ್ಚಾಗಿ ಅಂಗಡಿಯ ಕಟ್ಟೆಯ ಮೇಲೆ ನಿಂತುಕೊಂಡು, ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ. ಆ ಲೆಕ್ಕ ಎಲ್ಲಿ ಕೈಕೊಡುತ್ತದೆ, ಅದನ್ನು ಕಾಗದದ ಮೇಲೆ ಹೇಗೆ ಮಾಡಬೇಕು ಎಂಬುದೇ ಈ ವಾರದ ಮಾತು.

ಬಾವುಟವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಜಂಪರಿನಲ್ಲಾದರೆ ಅರ್ಧ ಇಂಚು ಆಚೀಚೆಯಾದರೂ ಮೈ ಸಹಿಸಿಕೊಳ್ಳುತ್ತದೆ. ಬಾವುಟದ ಅಳತೆ ಹಾಗಲ್ಲ, ಅದಕ್ಕೆ ಬರೆದಿಟ್ಟ ಕಟ್ಟಳೆಯಿದೆ. ಆ ಕಟ್ಟಳೆಯ ಪ್ರಕಾರ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕಳಿಸುವ ಘಟಕ ಇರುವುದೂ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲೇ. 1957ರ ನವೆಂಬರ್ 1ರಂದು ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಧ್ವಜ ಘಟಕ ಅದು. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಮುದ್ರಿಸುವುದು, ಹೊಲಿಯುವುದು, ಇಸ್ತ್ರಿ ಮಾಡಿ ಹಗ್ಗ ಕಟ್ಟುವುದು ಹೀಗೆ ಕೆಲಸ ಹಂತಹಂತವಾಗಿ ಸಾಗುತ್ತದೆ. ಬಟ್ಟೆ ನಮ್ಮ ಜಿಲ್ಲೆಯ ಗರಗದಂಥ ಊರುಗಳ ಕೈಮಗ್ಗದಿಂದ, ಬಾಗಲಕೋಟೆಯ ಕಡೆಯಿಂದ ಬರುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಒಪ್ಪಿಗೆ ಸಿಕ್ಕಿತು. ಬೆಂಗೇರಿಯವರು ಅದನ್ನು ವಿರೋಧಿಸಿದರು. ಅವರ ಮಾತಿನಲ್ಲಿ ನ್ಯಾಯವಿದೆಯೆಂದೇ ನನ್ನ ಅನಿಸಿಕೆ. ಆದರೆ ಆ ತಿದ್ದುಪಡಿಯಿಂದ ಓಣಿಯ ಹೊಲಿಗೆ ಘಟಕಕ್ಕೂ ಬಾವುಟದ ಕೆಲಸ ಬಂತು ಎಂಬುದೂ ನಿಜ. ಐಎಸ್‌ಐ ಮುದ್ರೆ ಹಾಕಲು ಪರವಾನಗಿ ಬೇಕು, ಅದು ಬೇರೆ ಮಾತು. ಅಳತೆ ಮಾತ್ರ ಎಲ್ಲರಿಗೂ ಒಂದೇ ಇರಲಿ.

ಗಿರಾಕಿ ಮೂರು-ಎರಡು ಫೂಟ್ ಅಂದರೂ ಮಾನಕದ ಪುಸ್ತಕದಲ್ಲಿರುವ ಗಾತ್ರ 900 ಮಿಲಿಮೀಟರ್ ಉದ್ದ, 600 ಮಿಲಿಮೀಟರ್ ಎತ್ತರ. ಒಟ್ಟು ಒಂಬತ್ತು ಗಾತ್ರಗಳಿದ್ದು ಎಲ್ಲದರ ಪ್ರಮಾಣವೂ ಮೂರಕ್ಕೆ ಎರಡು. ಅತಿ ದೊಡ್ಡದು 6300ಕ್ಕೆ 4200, ಅತಿ ಸಣ್ಣದು 150ಕ್ಕೆ 100. ನಮ್ಮ ಗಾತ್ರದಲ್ಲಿ ಕೇಸರಿ, ಬಿಳಿ, ಹಸಿರು ಪಟ್ಟೆ ಒಂದೊಂದೂ ಹೊಲಿದಾದ ಮೇಲೆ 900ಕ್ಕೆ 200 ಇರಬೇಕು. ಹೊಲಿಗೆಗೆ, ಮಡಿಕೆಗೆ ಒಂದೊಂದು ಅಂಚಿಗೂ 15 ಮಿಲಿಮೀಟರ್ ಬಿಡುತ್ತೇವೆಂದು ಹಿಡಿಯೋಣ. ಇದು ನನ್ನ ಲೆಕ್ಕಕ್ಕೆ ತೆಗೆದುಕೊಂಡ ಅಂಕಿ, ನಿಮ್ಮ ಮಿಶನ್ನಿನ ಮಡಿಕೆ ಎಷ್ಟು ತಿನ್ನುತ್ತದೋ ಅದನ್ನು ನೀವು ಹಾಕಿಕೊಳ್ಳಿ. ಹಾಗಾದರೆ ಕತ್ತರಿಸಬೇಕಾದ ಪಟ್ಟೆ 930ಕ್ಕೆ 230 ಆಯಿತು.

ಇಲ್ಲಿಗೆ ಬಂದಮೇಲೆ ಕ್ಯಾಲ್ಕ್ಯುಲೇಟರ್ ಹಿಡಿದವರು ಮಾಡುವುದೇನು? ಪಟ್ಟೆಯ ಕ್ಷೇತ್ರಫಲ ತೆಗೆಯುತ್ತಾರೆ, ಬಾವುಟದ ಸಂಖ್ಯೆಯಿಂದ ಗುಣಿಸುತ್ತಾರೆ, ಬಟ್ಟೆಯ ಪನ್ನಾದಿಂದ ಭಾಗಿಸುತ್ತಾರೆ. 36 ಇಂಚಿನ ಪನ್ನಾ ಅಂದರೆ 914 ಮಿಲಿಮೀಟರ್. ಲೆಕ್ಕ ಮಾಡಿದರೆ ಬಣ್ಣಕ್ಕೆ ಸುಮಾರು 59 ಮೀಟರ್ ಬರುತ್ತದೆ. ಒಂದು ಮೀಟರ್ ಹೆಚ್ಚಿಗೆ ಇರಲೆಂದು 60 ಮೀಟರ್, ಅಂದರೆ 20 ಮೀಟರಿನ ಮೂರು ತಾನು ತಂದರು ಅನ್ನಿ. ಕತ್ತರಿಸಿ ಮುಗಿಸಿದಾಗ ಕೈಗೆ ಬರುವುದು 189 ಪಟ್ಟೆ. ಇನ್ನೂ 61 ಬೇಕು, ಬಟ್ಟೆ ಮುಗಿದಿದೆ. ಗುಣಾಕಾರ ಭಾಗಾಕಾರದಲ್ಲಿ ಎಲ್ಲೂ ತಪ್ಪಿಲ್ಲ.

ತಪ್ಪಿದ್ದು ಕತ್ತರಿ ಮೇಜನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದದ್ದರಲ್ಲಿ. 914 ಮಿಲಿಮೀಟರ್ ಪನ್ನಾದಲ್ಲಿ 230ರ ಪಟ್ಟೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮೂರು ಕೂಡುತ್ತವೆ, 690 ಆಗುತ್ತದೆ. ಉಳಿಯುವುದು 224. ನಾಲ್ಕನೆಯ ಪಟ್ಟೆಗೆ 6 ಮಿಲಿಮೀಟರ್ ಸಾಲದು! ಎರಡೂ ಕಡೆಯ ಕಿನಾರಿ ಬಿಟ್ಟರಂತೂ ಇನ್ನೂ ಕಡಿಮೆ. ಪಟ್ಟೆಯನ್ನು ಅಡ್ಡ ತಿರುಗಿಸೋಣವೆಂದರೆ ಅದರ ಉದ್ದ 930, ಪನ್ನಾ 914, ಅದೂ ಕೂಡುವುದಿಲ್ಲ. ಹಾಗಾಗಿ 93 ಸೆಂಟಿಮೀಟರ್ ಬಟ್ಟೆಗೆ ಮೂರೇ ಪಟ್ಟೆ. 20 ಮೀಟರಿನ ತಾನಿನಲ್ಲಿ 93 ಸೆಂಟಿಮೀಟರಿನ ತುಂಡು 21 ಬರುತ್ತವೆ, ಪಟ್ಟೆ 63. ಕ್ಷೇತ್ರಫಲದ ಲೆಕ್ಕ ಬಟ್ಟೆಯನ್ನು ಹಿಟ್ಟಿನಂತೆ ನೋಡುತ್ತದೆ, ಉಳಿದ ಚೂರುಗಳನ್ನೆಲ್ಲ ಸೇರಿಸಿ ಇನ್ನೊಂದು ಪಟ್ಟೆ ಲಟ್ಟಿಸಬಹುದು ಎಂಬಂತೆ. ಆದ್ದರಿಂದ ಯಾದಿಯಲ್ಲಿ ಮೊದಲು ಬರೆಯಬೇಕಾದ ಅಂಕಿ ಮೀಟರ್ ಅಲ್ಲ, ‘ಪನ್ನಾದಲ್ಲಿ ಎಷ್ಟು ಪಟ್ಟೆ ಕೂಡುತ್ತವೆ’ ಎಂಬುದು. ಅದು ಯಾವಾಗಲೂ ಪೂರ್ಣ ಸಂಖ್ಯೆ. ಮೂರೂ ಮುಕ್ಕಾಲು ಎಂದು ಬಂದರೂ ಮೂರೇ.

ಹೀಗಾಗಿಯೇ ಅಂಗಡಿಯಲ್ಲಿ ದರಕ್ಕಿಂತ ಮೊದಲು ಪನ್ನಾ ಕೇಳಬೇಕು. ಅದೇ ಬಟ್ಟೆ 45 ಇಂಚಿನ ಪನ್ನಾದಲ್ಲಿ ಸಿಕ್ಕರೆ ನಾಲ್ಕು ಪಟ್ಟೆ ಆರಾಮವಾಗಿ ಕೂಡುತ್ತವೆ. 36 ಇಂಚಿನದು 80 ಮೀಟರ್ ಬೇಕಾದ ಕಡೆ ಇದು 60 ಮೀಟರಿಗೆ ಮುಗಿಯುತ್ತದೆ. ಅಂದರೆ ಅಗಲ ಬಟ್ಟೆಯ ದರ ಮೀಟರಿಗೆ ಮೂರನೇ ಒಂದು ಪಾಲು ಹೆಚ್ಚಿದ್ದರೂ ಖರ್ಚು ಸಮವೇ, ಅದಕ್ಕಿಂತ ಕಡಿಮೆ ಇದ್ದರೆ ಲಾಭ. ಅಂಗಡಿಯವ ‘ಅಕ್ಕಾರ, ಇದು ಮೀಟರಿಗೆ ಹತ್ತು ರೂಪಾಯಿ ಕಡಿಮಿ ಐತ್ರಿ’ ಎಂದು ತೋರಿಸುವ ಸಣ್ಣ ಪನ್ನಾದ ತಾನು ಎಷ್ಟೋ ಸಲ ತುಟ್ಟಿಯದಾಗಿರುತ್ತದೆ.

ಇನ್ನು ಎಷ್ಟು ಪಟ್ಟೆ ಕತ್ತರಿಸಬೇಕು? ಆರ್ಡರ್ 250 ಇದೆಯೆಂದು 250 ಕತ್ತರಿಸಿದರೆ ಕೊನೆಗೆ ಅಷ್ಟು ಕೈಗೆ ಬರುವುದಿಲ್ಲ. ಅದಕ್ಕೆಂದು ಎಲ್ಲದಕ್ಕೂ ‘ನೂರಕ್ಕೆ ಹತ್ತು ಹೆಚ್ಚಿಗೆ ಇರಲಿ’ ಅನ್ನುವ ರೂಢಿಯಿದೆ. ನನಗೆ ಅದು ಒಪ್ಪಿಗೆಯಿಲ್ಲ. ಕೆಡುವುದು ಎಲ್ಲ ಹಂತದಲ್ಲೂ ಒಂದೇ ರೀತಿ ಕೆಡುವುದಿಲ್ಲ. ಗಿರಾಕಿಯ ಕೈಯಿಂದ ಹಿಂದಕ್ಕೆ ನಡೆದು ಬರಬೇಕು, ಎಲ್ಲಿ ಕೆಡುತ್ತದೋ ಅಲ್ಲೇ ಅದನ್ನು ಲೆಕ್ಕಕ್ಕೆ ಹಾಕಬೇಕು.

ನಮ್ಮ ಆರ್ಡರಿನಲ್ಲಿ ನಡೆದು ನೋಡೋಣ. ಕೊಡಬೇಕಾದದ್ದು 250. ಹೊಲಿಗೆಯಲ್ಲಿ ನೂರಕ್ಕೆ ಎರಡು ಸೊಟ್ಟಗಾಗಿ ಬಿಡಬೇಕಾಗುತ್ತದೆ ಎಂಬುದು ನಿಮ್ಮ ಅನುಭವವಾದರೆ, ಮಿಶನ್ನಿಗೆ ಹೋಗಬೇಕಾದದ್ದು 250ನ್ನು 0.98ರಿಂದ ಭಾಗಿಸಿದಷ್ಟು, ಅಂದರೆ 256. ಕೇಸರಿಗೂ ಹಸಿರಿಗೂ ಇಷ್ಟೇ ಸಾಕು. 256 ಪಟ್ಟೆಗೆ 86 ತುಂಡು ಬೇಕು, 93 ಸೆಂಟಿಮೀಟರಿನಂತೆ 79.98 ಮೀಟರ್. ಬಿಳಿಯದು ಬೇರೆ ಕಥೆ. ಅದು ಮಿಶನ್ನಿಗೆ ಹೋಗುವ ಮೊದಲು ಮುದ್ರಣಕ್ಕೆ ಹೋಗುತ್ತದೆ, ಒಂದು ಸಲವಲ್ಲ, ಎರಡೂ ಮುಖಕ್ಕೆ ಎರಡು ಸಲ. ಒಂದೊಂದು ಸಲಕ್ಕೂ ನೂರಕ್ಕೆ ಮೂರು ಕೆಟ್ಟರೆ, ಎರಡೂ ದಾಟಿ ಚೊಕ್ಕವಾಗಿ ಹೊರಗೆ ಬರುವುದು ನೂರಕ್ಕೆ ಸುಮಾರು 94. ಹೊಲಿಗೆಗೆ 256 ಚೊಕ್ಕ ಬಿಳಿ ಪಟ್ಟೆ ಬೇಕೆಂದರೆ ಮುದ್ರಣಕ್ಕೆ 273 ಕಳಿಸಬೇಕು. ಅದಕ್ಕೆ 91 ತುಂಡು, 84.63 ಮೀಟರ್. ಮೂರು ಬಣ್ಣದ ಬಾವುಟವೆಂದು ಮೂರೂ ಬಟ್ಟೆಯನ್ನು ಸಮಸಮ ತಂದವರಿಗೆ ಕೊನೆಯಲ್ಲಿ ಬಿಳಿ ಸಾಲದೆ, ಕೇಸರಿ-ಹಸಿರು ಉಳಿದುಬಿಡುವುದು ಇದೇ ಕಾರಣಕ್ಕೆ.

ಮುದ್ರಣದಲ್ಲಿ ಯಾಕಿಷ್ಟು ಕೆಡುತ್ತದೆ ಎಂಬುದನ್ನು ಹತ್ತಿರ ಹೋಗಿ ನೋಡಬೇಕು. ಈ ಗಾತ್ರದ ಬಾವುಟಕ್ಕೆ ಅಶೋಕ ಚಕ್ರದ ವ್ಯಾಸ 185 ಮಿಲಿಮೀಟರ್, ಅದರೊಳಗೆ 24 ಅರೆಗಳು. ಬಿಳಿ ಪಟ್ಟೆಯ ಎತ್ತರ 200. ಅಂದರೆ ಚಕ್ರದ ಮೇಲೆ ಏಳೂವರೆ, ಕೆಳಗೆ ಏಳೂವರೆ ಮಿಲಿಮೀಟರ್ ಮಾತ್ರ ಬಿಳಿ ಉಳಿಯುತ್ತದೆ, ಕಿರುಬೆರಳಿನ ಅಗಲವೂ ಅಲ್ಲ. ಸ್ಕ್ರೀನ್ ಮೂರು ಮಿಲಿಮೀಟರ್ ಜಾರಿ, ಮಡಿಕೆಯೂ ಅದೇ ಕಡೆಗೆ ಮೂರು ಮಿಲಿಮೀಟರ್ ಹೆಚ್ಚು ತಿಂದರೆ ಚಕ್ರ ಕೇಸರಿಗೆ ಅಂಟಿಕೊಂಡಂತೆ ಕಾಣುತ್ತದೆ. ಆದ್ದರಿಂದ ಚಕ್ರದ ಜಾಗವನ್ನು ಕಣ್ಣಂದಾಜಿನಿಂದ ಗುರುತಿಸಬಾರದು. ಕತ್ತರಿಸಿದ ಅಂಚಿನಿಂದ ಮಡಿಕೆಯ 15, ಅದರ ಮೇಲೆ ಏಳೂವರೆ ಕೂಡಿಸಿ ಇಪ್ಪತ್ತೆರಡೂವರೆ ಮಿಲಿಮೀಟರಿಗೆ ಚಕ್ರದ ಹೊರಗೆರೆ ಬರಬೇಕು. ಮುದ್ರಣದ ಮೇಜಿನ ಮೇಲೆ ಪಟ್ಟೆಯ ಮೂಲೆ ಕೂರುವಂತೆ ದಪ್ಪ ರಟ್ಟಿನ ಎರಡು ಪಟ್ಟಿಗಳನ್ನು ಒಂದಕ್ಕೊಂದು ನೆಟ್ಟಗೆ ಅಂಟಿಸಿಬಿಟ್ಟರೆ ಈ ಜಾರುವಿಕೆ ಮುಕ್ಕಾಲು ಪಾಲು ನಿಲ್ಲುತ್ತದೆ. ಹಿಂದಿನ ಮುಖದ ಚಕ್ರ ಮುಂದಿನದರ ಮೇಲೇ ಕೂತಿದೆಯೋ ಇಲ್ಲವೋ ಎಂಬುದು ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಜೋಡಿ ಅರೆಗಳು ಕಂಡರೆ ಆ ಪಟ್ಟೆ ಹೋಯಿತು. ಈ ನೋಡುವ ಕೆಲಸ ಹೊಲಿಯುವ ಮೊದಲು ಆಗಬೇಕು. ಹೊಲಿದ ಮೇಲೆ ಸಿಕ್ಕರೆ ಒಂದು ಬಿಳಿ ಪಟ್ಟೆಯ ಜೊತೆಗೆ ಕೇಸರಿ, ಹಸಿರು, ದಾರ, ಒಂದು ಹೊತ್ತಿನ ಕೂಲಿ ಎಲ್ಲ ಹೋಗುತ್ತದೆ.

ನಿಮ್ಮ ಘಟಕದಲ್ಲಿ ನೂರಕ್ಕೆ ಎಷ್ಟು ಕೆಡುತ್ತದೆ ಎಂಬುದನ್ನು ಬೇರೆ ಯಾರೂ ಹೇಳಲಾರರು. ಮುದ್ರಣದ ಮೇಜಿನ ಹತ್ತಿರ ಒಂದು ವಹಿ, ಹೊಲಿಗೆಯವರ ಹತ್ತಿರ ಒಂದು ವಹಿ ಇಟ್ಟು, ಕೊಟ್ಟದ್ದೆಷ್ಟು ಚೊಕ್ಕ ಬಂದದ್ದೆಷ್ಟು ಎಂದು ಎರಡೇ ಅಂಕಿ ಬರೆಸಿದರೆ ಎರಡು-ಮೂರು ಆರ್ಡರ್ ಮುಗಿಯುವ ಹೊತ್ತಿಗೆ ನಿಮ್ಮದೇ ಅಂಕಿ ಸಿಗುತ್ತದೆ. ಹೊಸಬರು ಬಂದಾಗ ಅದು ಏರುತ್ತದೆ, ಕೈ ಪಳಗಿದ ಮೇಲೆ ಇಳಿಯುತ್ತದೆ.

ಈಗ ಮೀಟರನ್ನು ತಾನಿಗೆ ಇಳಿಸಬೇಕು. ಅಂಗಡಿಯವನು ಮಾರುವುದು ತಾನು. 86 ತುಂಡಿಗೆ, ತಾನಿಗೆ 21ರಂತೆ, ನಾಲ್ಕು ತಾನಿನಿಂದ 84 ಬಂತು. ಎರಡು ತುಂಡಿಗಾಗಿ ಐದನೆಯ ತಾನು ಬೇಕೇ ಎಂದು ಮನಸ್ಸು ಹಿಂದೆಮುಂದೆ ನೋಡುತ್ತದೆ. ಬೇಕು ಎಂಬುದೇ ನನ್ನ ಮಾತು, ಅದಕ್ಕೆ ಎರಡು ಕಾರಣ. ಒಂದು, ಬಟ್ಟೆ ಕುಗ್ಗುತ್ತದೆ. ತಾನಿನಿಂದ ಒಂದು ಚೂರು ತಂದು ಅದರ ಮೇಲೆ 50 ಸೆಂಟಿಮೀಟರಿನ ಚೌಕ ಗೆರೆ ಎಳೆದು, ತೊಳೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. ಉದ್ದದಲ್ಲಿ 48ಕ್ಕೆ ಬಂತೆಂದರೆ ನೂರಕ್ಕೆ ನಾಲ್ಕು ಹೋಯಿತು. 20 ಮೀಟರಿನ ತಾನು 19 ಮೀಟರ್ 20 ಸೆಂಟಿಮೀಟರ್ ಆಗುತ್ತದೆ, ಅದರಲ್ಲಿ ಬರುವುದು 20 ತುಂಡು, 21 ಅಲ್ಲ. ನಾಲ್ಕು ತಾನಿಗೆ ನಾಲ್ಕು ತುಂಡು ಕಡಿಮೆಯಾಯಿತು. ಮೊದಲೇ ಕುಗ್ಗಿಸದೆ ಕತ್ತರಿಸಿದರೆ ಅಂಗಡಿಯಲ್ಲಿ ಸರಿಯಿದ್ದ ಬಾವುಟ ಮೊದಲ ಮಳೆಗೆ ಗಿಡ್ಡಾಗುತ್ತದೆ. ಮೂರು ಬಣ್ಣದ ಬಟ್ಟೆ ಮೂರು ಬಗೆಯಲ್ಲಿ ಕುಗ್ಗಿದರೆ ಜೋಡಣೆಯ ಉದ್ದಕ್ಕೂ ನಿರಿಗೆ ಬೀಳುತ್ತದೆ. ಮೂರೂ ಪಟ್ಟೆಗಳನ್ನು ಬಟ್ಟೆಯ ಒಂದೇ ದಿಕ್ಕಿಗೆ ಕತ್ತರಿಸಬೇಕೆಂದು ಮಾಸ್ತರರು ಹಟ ಹಿಡಿಯುವುದೂ ಇದಕ್ಕಾಗಿಯೇ. ಹಾಸಿನ ಕಡೆ ಕುಗ್ಗುವಷ್ಟು ಹೊಕ್ಕಿನ ಕಡೆ ಕುಗ್ಗುವುದಿಲ್ಲ.

ಎರಡನೆಯ ಕಾರಣ ಬಣ್ಣದ ಫರಕು. ಒಂದು ಸಲ ಬಣ್ಣದ ತೊಟ್ಟಿಯಿಂದ ಬಂದ ಕೇಸರಿಗೂ ಮುಂದಿನ ವಾರ ಬಂದ ಕೇಸರಿಗೂ ಸಣ್ಣ ಫರಕು ಇದ್ದೇ ಇರುತ್ತದೆ. ಬಿಡಿಯಾಗಿ ನೋಡಿದರೆ ತಿಳಿಯದು, ಶಾಲೆಯ ಅಂಗಳದಲ್ಲಿ ಸಾಲಾಗಿ ಕಟ್ಟಿದಾಗ ತಿಳಿಯುತ್ತದೆ. ಕಡಿಮೆ ಬಿದ್ದ ಎರಡು ಮೀಟರಿಗಾಗಿ ಆಗಸ್ಟ್ 8ಕ್ಕೆ ಮತ್ತೆ ಅಂಗಡಿಗೆ ಹೋದರೆ ಅದೇ ಲಾಟಿನ ಬಟ್ಟೆ ಸಿಗುವ ಭರವಸೆಯಿಲ್ಲ. ಆದ್ದರಿಂದ ಐದೂ ತಾನುಗಳನ್ನು ಒಂದೇ ಲಾಟಿನಿಂದ, ಒಂದೇ ದಿನ ತರಬೇಕು. ಒಡೆಯದ ತಾನನ್ನು ವಾಪಸ್ ತೆಗೆದುಕೊಳ್ಳುವ ಕರಾರು ಮಾಡಿಕೊಂಡರೆ ಇನ್ನೂ ಒಳ್ಳೆಯದು, ಪರಿಚಯದ ಅಂಗಡಿಯವರು ಒಪ್ಪುವುದುಂಟು.

ಬಟ್ಟೆ ಮುಗಿದ ಮೇಲೆ ಯಾದಿಯ ಉಳಿದ ಸಾಲುಗಳು ಹಗುರ. ಹಗ್ಗ ತೂರಿಸುವ ಕಡೆಗೆ ದಪ್ಪ ಬಟ್ಟೆಯ ತೋಳು ಬೇಕು. ಅದನ್ನು 63 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿದರೆ 36 ಇಂಚಿನ ಪನ್ನಾದಲ್ಲಿ ಒಂಬತ್ತು ಕೂಡುತ್ತವೆ. 256ಕ್ಕೆ 29 ತುಂಡು, 18 ಮೀಟರ್ 27 ಸೆಂಟಿಮೀಟರ್. ಹಗ್ಗದ ಉದ್ದವನ್ನು ನಾವು ಊಹಿಸಬಾರದು, ಗಿರಾಕಿಯ ಕಂಬ ನೋಡಿ ಕೇಳಿಕೊಳ್ಳಬೇಕು. ಒಂದೂವರೆ ಮೀಟರ್ ಅಂದರೆ 375 ಮೀಟರ್ ಆಯಿತು. ಹಗ್ಗದ ತುದಿಗೆ ಕಟ್ಟುವ ಕಟ್ಟಿಗೆಯ ತುಂಡು ಬಾವುಟಕ್ಕೊಂದು. ಹಗ್ಗಕ್ಕೂ ಕಟ್ಟಿಗೆಗೂ ಹೊಲಿಗೆಯ ನಷ್ಟ ಕೂಡಿಸುವ ಕೆಲಸವಿಲ್ಲ, ಅವು ಚೊಕ್ಕ ಬಾವುಟಕ್ಕೆ ಮಾತ್ರ ಸೇರುತ್ತವೆ. 250 ಅಂದರೆ 250, ಕಳೆದುಹೋಗಲೆಂದು ಐದಾರು ಹೆಚ್ಚು.

ದಾರವನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ಜೋಡಣೆಗೆ ಎರಡೆರಡು ಸಾಲು, ಮೇಲಿನ ಕೆಳಗಿನ ಮಡಿಕೆ, ಹಾರುವ ತುದಿಯ ಮಡಿಕೆ, ತೋಳಿನ ಎರಡು ಸಾಲು ಎಲ್ಲ ಸೇರಿ ಒಂದು ಬಾವುಟದಲ್ಲಿ 7 ಮೀಟರ್ 20 ಸೆಂಟಿಮೀಟರ್ ಹೊಲಿಗೆ ಬೀಳುತ್ತದೆ. ಮೇಲಿನ ದಾರ, ಬಾಬಿನ್ ದಾರ ಕೂಡಿ ಹೊಲಿಗೆಯ ಉದ್ದದ ಎರಡೂವರೆಯಿಂದ ಮೂರು ಪಟ್ಟು ದಾರ ಹೋಗುತ್ತದೆ. ನಿಮ್ಮ ಮಿಶನ್ ಎಷ್ಟು ತಿನ್ನುತ್ತದೆಂದು ತಿಳಿಯಲು ಅದೇ ಬಟ್ಟೆಯ ಮೇಲೆ ಒಂದು ಮೀಟರ್ ಹೊಲಿದು, ಬಿಚ್ಚಿ, ದಾರ ಅಳೆಯಿರಿ. ಮೂರು ಪಟ್ಟು ಹಿಡಿದರೆ 256 ಬಾವುಟಕ್ಕೆ 5,500 ಮೀಟರ್ ದಾಟುತ್ತದೆ, ತುಂಡು ದಾರ, ಬಾಬಿನ್ನಿನಲ್ಲಿ ಉಳಿಯುವುದು ಸೇರಿ 6,400 ಅನ್ನಿ. ಮೂರು ಬಣ್ಣಕ್ಕೆ ಹಂಚಿಹೋಗುವುದರಿಂದ 5,000 ಮೀಟರಿನ ಕೋನ್ ಬಣ್ಣಕ್ಕೊಂದು ಸಾಕು. ಚಕ್ರದ ನೀಲಿ ಶಾಯಿಗೆ ಸೂತ್ರವಿಲ್ಲ. ಡಬ್ಬಿಯನ್ನು ತೂಗಿ, 20 ಚಕ್ರ ಹೊಡೆದು, ಮತ್ತೆ ತೂಗಿ. ಒಟ್ಟು ಹೊಡೆತ 273ರ ಎರಡು ಪಟ್ಟು ಎಂಬುದನ್ನು ಮರೆಯಬೇಡಿ.

ಮೊಬೈಲಿನಲ್ಲೇ ಶೀಟ್ ಮಾಡಿಟ್ಟುಕೊಳ್ಳುವವರಿಗೆ ಬಟ್ಟೆಯ ಸಾಲಿನ ಸೂತ್ರ ಒಂದೇ ಇದೆ. B1ರಲ್ಲಿ ಮುಂದಿನ ಹಂತಕ್ಕೆ ಬೇಕಾದ ಚೊಕ್ಕ ಪಟ್ಟೆಗಳು, B2ರಲ್ಲಿ ಈ ಹಂತದಲ್ಲಿ ಕೆಡುವ ಪಾಲು, B3ರಲ್ಲಿ ಕಿನಾರಿ ಬಿಟ್ಟ ಪನ್ನಾ, B4ರಲ್ಲಿ ಕತ್ತರಿಸುವ ಪಟ್ಟೆಯ ಎತ್ತರ, B5ರಲ್ಲಿ ಉದ್ದ ಮೀಟರಿನಲ್ಲಿ:

```
=ROUNDUP(ROUNDUP(B1/(1-B2),0)/INT(B3/B4),0)*B5
```

ಬಿಳಿಗೆ 256, 0.06, 894, 230, 0.93 ಎಂದು ಹಾಕಿದರೆ 84.63 ಬರುತ್ತದೆ. ಇದರಲ್ಲಿ ಗಮನಿಸಬೇಕಾದದ್ದು `INT` ಮತ್ತು `ROUNDUP`. ಪನ್ನಾದಲ್ಲಿ ಕೂಡುವುದನ್ನು ಕೆಳಗಿನ ಪೂರ್ಣ ಸಂಖ್ಯೆಗೆ, ಬೇಕಾಗುವುದನ್ನು ಮೇಲಿನ ಪೂರ್ಣ ಸಂಖ್ಯೆಗೆ ಎಳೆಯುತ್ತವೆ. ಇವೆರಡನ್ನು ತೆಗೆದರೆ ಮತ್ತೆ ಹಳೆಯ ಕ್ಷೇತ್ರಫಲದ ಲೆಕ್ಕವೇ ಉಳಿಯುತ್ತದೆ.

ಪನ್ನಾದಲ್ಲಿ ಉಳಿದ 22 ಸೆಂಟಿಮೀಟರ್ ಏನಾಯಿತು ಎಂದು ಕೇಳುವವರು ಇದ್ದೇ ಇರುತ್ತಾರೆ. ಕಿನಾರಿ ತೆಗೆದರೂ 20 ಸೆಂಟಿಮೀಟರ್ ಒಳ್ಳೆಯ ಬಟ್ಟೆ ಅದು. ಮಾನಕದ ಇನ್ನೊಂದು ಗಾತ್ರ 450ಕ್ಕೆ 300. ಅದರ ಪಟ್ಟೆ ಕತ್ತರಿಸುವಾಗ 480ಕ್ಕೆ 130. ಉಳಿದ ಅಗಲದಲ್ಲಿ ಒಂದು ಪಟ್ಟೆ ನಿರಾಯಾಸವಾಗಿ ಕೂಡುತ್ತದೆ. ಆದರೆ ಇಲ್ಲೊಂದು ಮರ್ಮವಿದೆ. ಮೊದಲು 93 ಸೆಂಟಿಮೀಟರಿನ ತುಂಡು ಮಾಡಿ, ಆಮೇಲೆ ಉಳಿದ ಅಂಚಿನಿಂದ ಸಣ್ಣ ಪಟ್ಟೆ ತೆಗೆದರೆ ಒಂದು ತುಂಡಿಗೆ ಒಂದೇ ಬರುತ್ತದೆ, ಎರಡಕ್ಕೆ 96 ಬೇಕು, ಮೂರು ಸೆಂಟಿಮೀಟರ್ ಸಾಲದು. ತಾನಿಗೆ 21. ಅದರ ಬದಲು ತಾನನ್ನು ಉದ್ದಕ್ಕೂ ಸೀಳಿ ಆ ಅಂಚನ್ನು ಮೊದಲೇ ಬೇರೆ ಮಾಡಿಟ್ಟರೆ 20 ಮೀಟರಿನ ನೆಟ್ಟನೆಯ ಪಟ್ಟಿ ಸಿಗುತ್ತದೆ, ಅದರಲ್ಲಿ 48 ಸೆಂಟಿಮೀಟರಿನವು 41. ಬಟ್ಟೆ ಅದೇ, ಕತ್ತರಿ ಮೊದಲು ಯಾವ ಕಡೆ ಓಡಿತು ಎಂಬುದರ ಮೇಲೆ ಇಮ್ಮಡಿ ಫರಕು. ನಾಲ್ಕು ತಾನಿಗೆ 160ರಷ್ಟು ಸಣ್ಣ ಬಾವುಟಕ್ಕೆ ಬಟ್ಟೆಯ ಖರ್ಚೇ ಇಲ್ಲದಂತಾಯಿತು. ದೊಡ್ಡ ಬಾವುಟದ ಗಿರಾಕಿಗೆ ‘ಸಣ್ಣವೂ ಬೇಕೇನ್ರಿ’ ಎಂದು ಆರ್ಡರ್ ಬರೆದುಕೊಳ್ಳುವಾಗಲೇ ಕೇಳಬೇಕು, ಕತ್ತರಿಸಿದ ಮೇಲಲ್ಲ.

ಅಡುಗೆಯ ಘಟಕದವರು ಇದೆಲ್ಲ ನಮಗಲ್ಲ ಎಂದುಕೊಳ್ಳಬಹುದು. ಹಿಂದಕ್ಕೆ ನಡೆಯುವ ಕ್ರಮ ಅವರಿಗೂ ಅದೇ, ಪನ್ನಾದ ಜಾಗದಲ್ಲಿ ತಕ್ಕಡಿ ಬರುತ್ತದೆ. ಮದುವೆಗೆ 500 ಶೇಂಗಾ ಹೋಳಿಗೆ ಎನ್ನಿ. ಒಂದಕ್ಕೆ 40 ಗ್ರಾಂ ಹೂರಣ, 25 ಗ್ರಾಂ ಕಣಕ. ಹರಿದದ್ದು, ಸೀದದ್ದು ನೂರಕ್ಕೆ ಮೂರು ಎಂದರೆ 516 ಲಟ್ಟಿಸಬೇಕು. ಹೂರಣ 20 ಕಿಲೋ 640 ಗ್ರಾಂ. ಏಲಕ್ಕಿ, ಎಳ್ಳಿನ ತೂಕ ಬದಿಗಿಟ್ಟು ಶೇಂಗಾ-ಬೆಲ್ಲ ಸಮಸಮ ಹಿಡಿದರೆ ಹುರಿದು ಸಿಪ್ಪೆ ತೆಗೆದ ಶೇಂಗಾ 10 ಕಿಲೋ 320 ಗ್ರಾಂ ಬೇಕು. ಹಸಿ ಶೇಂಗಾ ಹುರಿದಾಗ ನೀರಿನಂಶ ಹೋಗುತ್ತದೆ, ಸಿಪ್ಪೆ ಹೋಗುತ್ತದೆ, ಆರಿಸುವಾಗ ಕಹಿ ಕಾಳು ಹೋಗುತ್ತದೆ. ಕಿಲೋಕ್ಕೆ 880 ಗ್ರಾಂ ಉಳಿಯಿತೆಂದರೆ 0.88ರಿಂದ ಭಾಗಿಸಬೇಕು, 11 ಕಿಲೋ 730 ಗ್ರಾಂ. ನೂರಕ್ಕೆ ಹನ್ನೆರಡು ಹೋಯಿತೆಂದು ನೂರಕ್ಕೆ ಹನ್ನೆರಡು ಕೂಡಿಸಿದರೆ 11 ಕಿಲೋ 560 ಗ್ರಾಂ ಆಗುತ್ತದೆ, ಏಳು ಹೋಳಿಗೆಗಾಗುವಷ್ಟು ಶೇಂಗಾ ಕಡಿಮೆ ಬೀಳುತ್ತದೆ. ಹೋದದ್ದನ್ನು ಕೂಡಿಸುವುದಲ್ಲ, ಉಳಿಯುವುದರಿಂದ ಭಾಗಿಸುವುದು. ಬಟ್ಟೆಯಲ್ಲಿ ಮಾಡಿದ್ದೂ ಇದನ್ನೇ.

ಕಣಕದಲ್ಲಿ ಇದು ಉಲ್ಟಾ. ಅಲ್ಲಿ ತೂಕ ಏರುತ್ತದೆ. ಒಂದು ಕಿಲೋ ಹಿಟ್ಟಿಗೆ ನೀರು, ಎಣ್ಣೆ ಸೇರಿ ಒಂದೂ ಆರುನೂರು ಕಣಕವಾದರೆ, 12 ಕಿಲೋ 900 ಗ್ರಾಂ ಕಣಕಕ್ಕೆ ಬೇಕಾದ ಹಿಟ್ಟು ಎಂಟು ಕಿಲೋದ ಆಸುಪಾಸು ಮಾತ್ರ. ಕಣಕದ ತೂಕವನ್ನೇ ಹಿಟ್ಟಿನ ತೂಕವೆಂದು ತಿಳಿದು 13 ಕಿಲೋ ತಂದವರ ಮನೆಯಲ್ಲಿ ಆಮೇಲೆ ವಾರವಿಡೀ ಚಪಾತಿ. ಇನ್ನು ಹೂರಣ ಮುಗಿದು ಕಣಕ ಉಳಿಯುವುದು, ಕಣಕ ಮುಗಿದು ಹೂರಣ ಉಳಿಯುವುದು ಯಾದಿಯ ತಪ್ಪಲ್ಲ, ಉಂಡೆಯ ತಪ್ಪು. ಮಧ್ಯಾಹ್ನದ ಹೊತ್ತಿಗೆ ಕೈ ದಣಿದು ಉಂಡೆ ದೊಡ್ಡದಾಗುತ್ತ ಹೋಗುತ್ತದೆ. ನೂರು ಉಂಡೆಗೊಮ್ಮೆ ಹತ್ತು ಉಂಡೆ ತಕ್ಕಡಿಗೆ ಹಾಕಿ ನೋಡಿದರೆ ಅದು ಸಂಜೆಯವರೆಗೆ ಕಾಯದೆ ಆಗಲೇ ಸಿಕ್ಕಿಬೀಳುತ್ತದೆ.

ಈ ಲೆಕ್ಕಗಳಿಗೆ ಒಂದು ಮಿತಿಯೂ ಇದೆ. ಇವು ಒಂದೇ ಗಾತ್ರದ, ಒಂದೇ ಬಗೆಯ ಆರ್ಡರಿಗೆ ಚೆನ್ನಾಗಿ ಕೂಡುತ್ತವೆ. ಶಾಲೆಯ ಸಮವಸ್ತ್ರದಲ್ಲಿ ಐದಾರು ಸೈಜು, ತೋಳು, ಕಾಲರು, ಜೇಬು ಎಂದು ಬಂದಾಗ ಪನ್ನಾದಲ್ಲಿ ಎಷ್ಟು ಕೂಡುತ್ತವೆ ಎಂಬುದನ್ನು ಸೂತ್ರ ಹೇಳಲಾರದು. ಖಾಕಿ ಕಾಗದದ ನಮೂನೆಗಳನ್ನು ನೆಲದ ಮೇಲೆ ಪನ್ನಾದಷ್ಟು ಅಗಲ ಗೆರೆ ಎಳೆದು ಹರವಿ, ಹೊರಳಿಸಿ, ಕೂಡಿಸಿ ನೋಡಿ, ಬಂದ ಉದ್ದವನ್ನು ಅಳೆದು ಯಾದಿಗೆ ಬರೆಯಬೇಕು. ಒಂದು ಸಲ ಹರವಿದ್ದನ್ನು ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ವರ್ಷಕ್ಕೂ ಬರುತ್ತದೆ.

ಮುಂದಿನ ಆರ್ಡರಿಗೆ ದರ ಹೇಳುವ ಮೊದಲು ಗಿರಾಕಿಯಿಂದ ಒಂದು ದಿನ ಕೇಳಿಕೊಳ್ಳಿ. ಆ ದಿನ ಅಂಗಡಿಗೆ ಫೋನ್ ಮಾಡಿ ಪನ್ನಾ ಎಷ್ಟು, ತಾನು ಎಷ್ಟು ಮೀಟರಿನದು, ಒಂದೇ ಲಾಟಿನಲ್ಲಿ ಎಷ್ಟು ತಾನು ಸಿಗುತ್ತವೆ ಎಂಬ ಮೂರನ್ನು ಬರೆದುಕೊಳ್ಳಿ. ಯಾದಿ ಮಾಡಿ, ದರವನ್ನು ಆಮೇಲೆ ಹೇಳಿ.